ನಾಲಿಗೆ ಅಳೆಯುವುದಿಲ್ಲ, ಹೋಲಿಸುತ್ತದೆ: ಪಾತ್ರೆಯ ಉಪ್ಪನ್ನು ರುಚಿ ನೋಡಿ ತಿಳಿಯುವ ಬಗೆ

ನನ್ನ ಮಗಳಿಗೆ 12 ವರ್ಷ. ಅಡುಗೆ ಕಲಿಯುತ್ತೇನೆಂದು ಅವಳೇ ಹಟ ಹಿಡಿದಾಗ ಕಲಿಸಲು ಹೊರಟವಳು ನಾನು, ಸೋತವಳೂ ನಾನೇ. "ಉಪ್ಪು ಎಷ್ಟು ಹಾಕಲಿ?" ಎಂದು ಅವಳು ಕೇಳಿದಾಗಲೆಲ್ಲ "ರುಚಿಗೆ ತಕ್ಕಷ್ಟು" ಎನ್ನುತ್ತಿದ್ದೆ. "ಯಾರ ರುಚಿಗೆ?" ಎಂದು ಒಂದು ದಿನ ತಿರುಗಿ ಕೇಳಿದಳು. ಮೂವತ್ತು ವರ್ಷ ಒಲೆಯ ಮುಂದೆ ನಿಂತ ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ, ತಾನಾಗಿ ನಿಲ್ಲುತ್ತದೆ. ಅದನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ?

ನನ್ನ ತಂಗಿ ಎರಡು ವಾರ ನಮ್ಮಲ್ಲಿ ಉಳಿಯಲು ಬಂದದ್ದು ಆಗ. ಅವಳು ದೊಡ್ಡ ಅಡುಗೆಮನೆಯೊಂದರಲ್ಲಿ ದಿನಕ್ಕೆ ಇನ್ನೂರು ಜನರಿಗೆ ಬೇಯಿಸುವವಳು. ಇನ್ನೂರು ಜನರ ಪಾತ್ರೆಯಲ್ಲಿ ಕೈ ತಪ್ಪಿದರೆ ಮನೆಯವರಂತೆ ಸುಮ್ಮನೆ ಉಣ್ಣುವವರು ಯಾರೂ ಇರುವುದಿಲ್ಲ. ಆದ್ದರಿಂದ ನಾನು ಅಂದಾಜಿನಲ್ಲಿ ಮಾಡುವುದನ್ನು ಅವಳು ಕಾರಣ ತಿಳಿದು ಮಾಡುತ್ತಾಳೆ. ಆ ಎರಡು ವಾರ ಅವಳು ಹುಡುಗಿಗೆ ಕಲಿಸಿದ್ದನ್ನು ಪಕ್ಕದಲ್ಲಿ ತರಕಾರಿ ಹೆಚ್ಚುತ್ತ ನೋಡಿದ್ದೇನೆ. ನೀವೂ ಮಾಡಬಹುದಾದ ಕ್ರಮದಲ್ಲಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾತ್ರೆಯಲ್ಲ, ನಾಲ್ಕು ಲೋಟ

ಮೊದಲ ದಿನ ಒಲೆ ಹಚ್ಚಲೇ ಇಲ್ಲ. ತಂಗಿ ತೂಕದ ಯಂತ್ರ ತೆಗೆದಳು. ಒಂದೊಂದು ಲೀಟರ್ ಬೆಚ್ಚಗಿನ ನೀರನ್ನು ಮೂರು ಪಾತ್ರೆಗಳಲ್ಲಿ ತೆಗೆದುಕೊಂಡು ಒಂದಕ್ಕೆ 5 ಗ್ರಾಂ, ಇನ್ನೊಂದಕ್ಕೆ 8 ಗ್ರಾಂ, ಮತ್ತೊಂದಕ್ಕೆ 12 ಗ್ರಾಂ ಉಪ್ಪು ಕರಗಿಸಿದಳು. ಮೂರರಿಂದಲೂ ಅರ್ಧರ್ಧ ಲೋಟ ಸುರಿದು, ಲೋಟದ ತಳಕ್ಕೆ ಅಂಕಿ ಬರೆದ ಚೀಟಿ ಅಂಟಿಸಿದಳು. ನಾಲ್ಕನೆಯದರಲ್ಲಿ ಬರೀ ನೀರು. ಲೀಟರಿಗೆ ಬದಲು ಒಂದು ಲೋಟ ನೀರಿಗೇ ಉಪ್ಪು ಹಾಕಬಹುದಲ್ಲ ಎಂದು ನಾನು ಕೇಳಿದೆ. ಮನೆಯ ತೂಕದ ಯಂತ್ರ ಒಂದು ಗ್ರಾಮಿಗಿಂತ ಕಡಿಮೆಯನ್ನು ನಂಬಿಕೆಯಿಂದ ತೋರಿಸುವುದಿಲ್ಲ, ಅದಕ್ಕೇ ಲೀಟರ್ ಲೆಕ್ಕ ಎಂದಳು.

ಈ ಮೂರು ಅಳತೆಗಳಿಗೆ ಅರ್ಥವಿದೆ. ನೀರುನೀರಾದ ಅಡುಗೆಯಲ್ಲಿ ಹೆಚ್ಚಿನವರಿಗೆ ಹದವೆನಿಸುವ ಉಪ್ಪು ಒಟ್ಟು ತೂಕದ ಶೇ 0.6ರಿಂದ 1ರ ನಡುವೆ ಇರುತ್ತದೆ. ಒಂದು ಕಿಲೋ ಅಡುಗೆಗೆ 6ರಿಂದ 10 ಗ್ರಾಂ. ಹಾಗಾಗಿ 5 ಗ್ರಾಮಿನ ಲೋಟ ಸಪ್ಪೆಯ ಅಂಚು, 8ರದು ಹದದ ನಡುಭಾಗ, 12ರದು ಕೈ ಮೀರಿದ್ದು. ಬರೀ ನೀರಿನಲ್ಲಿ ಉಪ್ಪು ಒರಟಾಗಿ ನಾಲಿಗೆಗೆ ತಾಗುತ್ತದೆ. ಅಡುಗೆಯಲ್ಲಿ ಅಷ್ಟೇ ಉಪ್ಪು ಇಷ್ಟು ಒರಟಾಗಿ ಕಾಣುವುದಿಲ್ಲ. ಇಲ್ಲಿ ನೋಡಬೇಕಾದದ್ದು ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು, ರುಚಿಯನ್ನಲ್ಲ.

"ಒಂದು ಗುಟುಕು ಬಾಯಿಗೆ ಹಾಕಿಕೋ, ಬಾಯಿ ತುಂಬ ಆಡಿಸು, ಉಗಿ. ನುಂಗಬೇಡ, ಇದು ಕುಡಿಯುವ ನೀರಲ್ಲ," ಎಂದಳು ತಂಗಿ. ಹುಡುಗಿ ನಾಲಿಗೆಯ ತುದಿಯನ್ನಷ್ಟೇ ಅದ್ದಲು ಹೋದಾಗ ತಡೆದಳು. ನಾಲಿಗೆಯ ತುದಿಯಲ್ಲಿ ಸಿಹಿ, ಬದಿಗಳಲ್ಲಿ ಉಪ್ಪು, ಹಿಂಭಾಗದಲ್ಲಿ ಕಹಿ ಎಂದು ತೋರಿಸುವ ಹಳೆಯ ನಾಲಿಗೆಯ ನಕ್ಷೆ ತಪ್ಪು. ರುಚಿಮೊಗ್ಗುಗಳಿರುವ ಎಲ್ಲ ಕಡೆಯೂ ಉಪ್ಪು ತಿಳಿಯುತ್ತದೆ; ಮೆದು ಅಂಗುಳ, ಗಂಟಲಿನ ಬುಡ ಕೂಡ ಅದರಲ್ಲಿ ಸೇರಿವೆ. ತುದಿಯಿಂದ ನೆಕ್ಕಿದರೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ.

ಆಮೇಲೆ ನಡೆದದ್ದೇ ನಿಜವಾದ ಪಾಠ. ಹುಡುಗಿ ಕಣ್ಣು ಮುಚ್ಚಿದಳು, ಚಿಕ್ಕಮ್ಮ ಲೋಟಗಳನ್ನು ಅದಲುಬದಲು ಮಾಡಿ ಒಂದೊಂದಾಗಿ ಕೊಟ್ಟಳು. ಬರೀ ನೀರಿನ ನಂತರ 8ರ ಲೋಟ ಕೊಟ್ಟಾಗ "ಅಯ್ಯೋ, ಇದು ಜಾಸ್ತಿ ಉಪ್ಪು, ಹನ್ನೆರಡರದು" ಎಂದಳು. ಸ್ವಲ್ಪ ಹೊತ್ತಿನ ಮೇಲೆ 12ರ ಬೆನ್ನಿಗೇ ಅದೇ 8ರ ಲೋಟ ಕೊಟ್ಟಾಗ "ಇದು ಸಪ್ಪೆ, ಐದರದು" ಎಂದಳು. ಲೋಟ ತಲೆಕೆಳಗೆ ಮಾಡಿ ಚೀಟಿ ತೋರಿಸಿದಾಗ ಮುಖ ಸಣ್ಣದಾಯಿತು.

"ನಿನ್ನ ನಾಲಿಗೆಯಲ್ಲಿ ತಪ್ಪಿಲ್ಲ. ಎಲ್ಲರ ನಾಲಿಗೆಯೂ ಹೀಗೆಯೇ," ಎಂದಳು ತಂಗಿ. "ಅದಕ್ಕೆ ಅಳೆಯಲು ಬರುವುದಿಲ್ಲ. ಹಿಂದಿನದಕ್ಕೆ ಇದನ್ನು ಹೋಲಿಸಲು ಬರುತ್ತದೆ, ಅಷ್ಟೆ."

ಬಾಯಲ್ಲಿ ಉಪ್ಪು ಇರುವಷ್ಟು ಹೊತ್ತು ನಾಲಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದನ್ನೇ ಸೊನ್ನೆ ಎಂದು ಹಿಡಿದು ಮುಂದಿನದನ್ನು ಹೇಳುತ್ತದೆ. ಒಂದೇ ಪಾತ್ರೆಯನ್ನು ಹತ್ತು ಸಲ ಬೆನ್ನುಬೆನ್ನಿಗೆ ರುಚಿ ನೋಡಿದವರು ಕೊನೆಗೆ ಉಪ್ಪು ಜಾಸ್ತಿ ಮಾಡುವುದು ಇದಕ್ಕೇ. ಆದ್ದರಿಂದ ಪ್ರತಿ ರುಚಿಯ ನಡುವೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ನಿಧಾನವಾಗಿ ಮೂವತ್ತರವರೆಗೆ ಎಣಿಸಬೇಕು. ಹಾಗೆ ಮಾಡಿದಾಗ ಮೂರನೇ ದಿನಕ್ಕೆ ಅವಳು ನಾಲ್ಕೂ ಲೋಟಗಳನ್ನು ಸರಿಯಾಗಿ ಹೇಳತೊಡಗಿದಳು. ನಾನೂ ಒಮ್ಮೆ ಪ್ರಯತ್ನಿಸಿದೆ. ಫಲಿತಾಂಶ ಬೇಡ.

ಚಿಟಿಕೆ ಎಂದರೆ ಎಷ್ಟು

ಎರಡನೆಯ ಕೆಲಸ ಐದು ನಿಮಿಷದ್ದು. ಮೂರು ಬೆರಳಿನಿಂದ ಹತ್ತು ಚಿಟಿಕೆ ಉಪ್ಪನ್ನು ತೂಕದ ಯಂತ್ರದ ಮೇಲಿಟ್ಟ ತಟ್ಟೆಗೆ ಹಾಕಿ, ಬಂದ ತೂಕವನ್ನು ಹತ್ತರಿಂದ ಭಾಗಿಸುವುದು. ಹುಡುಗಿಯ ಹತ್ತು ಚಿಟಿಕೆ 9 ಗ್ರಾಂ ಬಂತು, ಅವಳ ಚಿಕ್ಕಮ್ಮನದು 14. "ಚಿಕ್ಕಮ್ಮ, ನಿನ್ನ ಒಂದು ಚಿಟಿಕೆ ನನ್ನದು ಒಂದೂವರೆ!" ಎಂದು ಅವಳಿಗೆ ಭಾರೀ ಖುಷಿ. ಬೇರೆಯವರು ಬರೆದಿಟ್ಟ 'ಎರಡು ಚಿಟಿಕೆ'ಯನ್ನು ನಂಬಿ ಕೆಡುವುದು ಎಲ್ಲಿ ಎಂಬುದು ಅಲ್ಲಿಗೆ ಅವಳಿಗೆ ಗೊತ್ತಾಯಿತು.

ಚಮಚದ ಲೆಕ್ಕವೂ ಹಾಗೆಯೇ. 5 ಮಿಲಿಲೀಟರಿನ ಸಣ್ಣ ಚಮಚದಲ್ಲಿ ಪುಡಿಯುಪ್ಪನ್ನು ಮಟ್ಟಸವಾಗಿ ತೆಗೆದುಕೊಂಡರೆ ಸುಮಾರು 6 ಗ್ರಾಂ. ಹರಳುಪ್ಪಿನಲ್ಲಿ ಕಾಳುಗಳ ನಡುವೆ ಜಾಗವಿರುವುದರಿಂದ ಅದೇ ಚಮಚಕ್ಕೆ ತೂಕ ಕಡಿಮೆ. ಉಪ್ಪಿನ ಬಗೆ ಬದಲಾಯಿಸಿದ ದಿನ ಚಿಟಿಕೆಯನ್ನೂ ಚಮಚವನ್ನೂ ಮತ್ತೆ ತೂಗಿ. ಅಡುಗೆ ಇದ್ದಕ್ಕಿದ್ದಂತೆ ಉಪ್ಪಾಗುವ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಕೈಯದಲ್ಲ, ಹೊಸ ಪೊಟ್ಟಣದ್ದು.

ಪಾತ್ರೆ ಒಲೆಗೇರುವ ಮೊದಲು

ನಾಲ್ಕನೇ ದಿನ ನಿಜವಾದ ಪಾತ್ರೆ. 200 ಗ್ರಾಂ ಬೇಳೆ, 300 ಗ್ರಾಂ ಆಲೂಗಡ್ಡೆ, 150 ಗ್ರಾಂ ಕ್ಯಾರೆಟ್, 1.8 ಲೀಟರ್ ನೀರು. ಎಲ್ಲ ಸೇರಿ ಎರಡೂವರೆ ಕಿಲೋಗೆ ಸ್ವಲ್ಪ ಕಡಿಮೆ. ಮುಚ್ಚಳ ಅರ್ಧ ಸರಿಸಿ ಬೇಯಿಸಿದರೆ ಆವಿಯಾಗಿ ಕೊನೆಗೆ ಎರಡು ಕಿಲೋ ಉಳಿಯುತ್ತದೆ ಎಂದು ತಂಗಿ ಅಂದಾಜು ಮಾಡಿದಳು. ಉಪ್ಪಿನ ಲೆಕ್ಕ ಮಾಡಬೇಕಾದದ್ದು ಈ ಉಳಿಯುವ ಎರಡು ಕಿಲೋಗೆ, ಆರಂಭದ ತೂಕಕ್ಕಲ್ಲ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಶೇ 0.8ರಂತೆ ಎರಡು ಕಿಲೋಗೆ 16 ಗ್ರಾಂ. ಇದು ಮುಟ್ಟಲೇಬೇಕಾದ ಗುರಿಯಲ್ಲ, ಎಲ್ಲಿ ಎಚ್ಚರವಾಗಬೇಕು ಎಂಬ ಗುರುತು.

ಆಗ ಅವಳು ಎರಡು ಕೆಲಸ ಮಾಡಿದಳು. ಸಣ್ಣ ಬಟ್ಟಲಿನಲ್ಲಿ 20 ಗ್ರಾಂ ಉಪ್ಪು ತೂಗಿ ಒಲೆಯ ಪಕ್ಕ ಇಟ್ಟು, ಉಪ್ಪಿನ ಡಬ್ಬಿಯನ್ನು ಕಪಾಟಿನೊಳಗೆ ಮುಚ್ಚಿಟ್ಟಳು. "ಇವತ್ತು ಉಪ್ಪು ಬರುವುದು ಈ ಬಟ್ಟಲಿನಿಂದ ಮಾತ್ರ. ಮುಗಿದ ಮೇಲೆ ಉಳಿದದ್ದನ್ನು ತೂಗಿದರೆ ಎಷ್ಟು ಹೋಯಿತೆಂದು ಗೊತ್ತಾಗುತ್ತದೆ." ನಾಲಿಗೆ ಕಲಿಯುವಾಗ ಅದರ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಯಾರಾದರೂ ಬೇಕಲ್ಲ, ಈ ಬಟ್ಟಲು ಆ ಕೆಲಸ ಮಾಡುತ್ತದೆ.

ಎರಡನೆಯದು, ಮರದ ಸೌಟನ್ನು ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ ನೀರಿನ ಮಟ್ಟ ಬಂದಲ್ಲಿ ಹಿಡಿಗೆ ದಾರ ಕಟ್ಟಿದ್ದು. ಇದರ ಉಪಯೋಗ ನನಗೆ ಆ ದಿನ ತಿಳಿಯಲಿಲ್ಲ. ಐದು ದಿನ ಬಿಟ್ಟು ತಿಳಿಯಿತು.

ಅರ್ಧ ಉಪ್ಪು, ಮತ್ತು ಮೋಸ ಮಾಡುವ ಮೊದಲ ರುಚಿ

ಬೇಳೆ ಬೆರಳಿಗೆ ಮೆತ್ತಗಾದಾಗ ತರಕಾರಿ ಹಾಕಿ, ಅದರ ಜೊತೆ ಲೆಕ್ಕದ ಅರ್ಧ, ಅಂದರೆ 8 ಗ್ರಾಂ ಉಪ್ಪು ಹಾಕಿದರು. ತರಕಾರಿಯ ಜೊತೆಗೇ ಏಕೆಂದರೆ ಉಪ್ಪು ಆಲೂಗಡ್ಡೆಯ ಒಳಗೆ ಹೋಗಲು ಹೊತ್ತು ಬೇಕು. ಎಲ್ಲ ಉಪ್ಪನ್ನೂ ಕೊನೆಗೆ ಹಾಕಿದರೆ ನೀರು ಉಪ್ಪಾಗಿ, ಹೋಳಿನ ಒಳಗೆ ಸಪ್ಪೆಯಾಗಿ ಎರಡು ಬೇರೆ ಬೇರೆ ಅಡುಗೆ ತಿಂದ ಹಾಗಿರುತ್ತದೆ.

ರುಚಿ ನೋಡುವ ಕ್ರಮವನ್ನು ತಂಗಿ ಬಹಳ ನಿಧಾನವಾಗಿ ತೋರಿಸಿದಳು. ಮೊದಲು ಸೌಟನ್ನು ತಳದವರೆಗೆ ಇಳಿಸಿ ನಾಲ್ಕೈದು ಸಲ ತಿರುವುವುದು, ಏಕೆಂದರೆ ಕರಗುವ ಮೊದಲು ಉಪ್ಪು ತಳದಲ್ಲಿ ಕೂತಿರುತ್ತದೆ. ಮೇಲೆ ತೇಲುವ ಎಣ್ಣೆಯನ್ನೋ ನೊರೆಯನ್ನೋ ತೆಗೆಯದೆ ನಡುವಿನಿಂದ ಅರ್ಧ ಸೌಟು ಎತ್ತಿ ಸಣ್ಣ ಬಟ್ಟಲಿಗೆ ಸುರಿಯುವುದು. ಬೆಚ್ಚಗಾಗುವವರೆಗೆ ಕಾಯುವುದು. ಬೇರೆ ಚಮಚದಿಂದ ಬಾಯಿಗೆ ಹಾಕಿಕೊಳ್ಳುವುದು. ಪಾತ್ರೆಯ ಸೌಟು ಬಾಯಿಗೆ ಹೋಗಬಾರದು, ಬಾಯಿಗೆ ಹೋದ ಚಮಚ ಪಾತ್ರೆಗೆ ಹೋಗಬಾರದು. ಕುದಿಯುತ್ತಿದ್ದದ್ದನ್ನು ಊದಿ ಊದಿ ಬಾಯಿಗಿಟ್ಟರೆ ನಾಲಿಗೆಗೆ ತಾಗುವುದು ಬಿಸಿ ಮಾತ್ರ. ಸುಟ್ಟ ನಾಲಿಗೆ ಅವತ್ತಿಡೀ ಕೆಲಸಕ್ಕೆ ಬಾರದು.

ಇಲ್ಲೊಂದು ಎಚ್ಚರ. ಹಸಿ ಮಾಂಸ, ಕೋಳಿ, ಮೊಟ್ಟೆ ಬಿದ್ದ ಪಾತ್ರೆಯನ್ನು ಅವು ಪೂರ್ತಿ ಬೇಯುವ ಮೊದಲು ರುಚಿ ನೋಡಬಾರದು. ಸರಿಯಾಗಿ ಬೇಯದ ರಾಜ್ಮಾ ಕಾಳಿನಲ್ಲಿ ಹೊಟ್ಟೆ ಕೆಡಿಸುವ ವಿಷವಸ್ತು ಇರುತ್ತದೆ, ಅದನ್ನೂ ಅರ್ಧ ಬೆಂದಾಗ ಬಾಯಿಗೆ ಹಾಕಬಾರದು. ಅಂಥ ಅಡುಗೆಗೆ ತೂಕದ ಲೆಕ್ಕದಿಂದ ಅರ್ಧ ಉಪ್ಪು ಹಾಕಿ, ಬೆಂದ ಮೇಲಷ್ಟೇ ನಾಲಿಗೆಯ ಕೆಲಸ.

ಹುಡುಗಿ ಬಟ್ಟಲಿನಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು ಹೇಳಿದಳು: "ಸಾಕು ಚಿಕ್ಕಮ್ಮ, ಸರಿಯಾಗಿದೆ."

ತಂಗಿ ಏನೂ ಹೇಳಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಬಟ್ಟಲು ಕೊಟ್ಟಳು. ಈ ಸಲ ಹುಡುಗಿಯ ಹುಬ್ಬು ಗಂಟಾಯಿತು. "ನೀನು ನೀರು ಸೇರಿಸಿದೆಯಾ?"

ಸೇರಿಸಿರಲಿಲ್ಲ. ಮೊದಲ ಸಲ ರುಚಿ ನೋಡಿದಾಗ 8 ಗ್ರಾಮಿನಷ್ಟೂ ಉಪ್ಪು ನೀರಿನಲ್ಲೇ ಇತ್ತು. ಆಮೇಲೆ ಅದರಲ್ಲೊಂದು ಪಾಲು ಆಲೂಗಡ್ಡೆಯ ಒಳಗೆ ಹೋಯಿತು, ಬೇಳೆ ಒಡೆದು ಮಂದವಾಯಿತು. ಆವಿಯಾಗಿ ಹೋದ ನೀರಿನಿಂದ ಉಪ್ಪು ಒಂದಿಷ್ಟು ಗಟ್ಟಿಯಾದರೂ ಹೋಳುಗಳು ಎಳೆದುಕೊಂಡದ್ದು ಅದಕ್ಕಿಂತ ಹೆಚ್ಚು. ಹೋಳು ಹಾಕಿ ಉಪ್ಪು ಹಾಕಿದ ತಕ್ಷಣದ ರುಚಿಯನ್ನು ಯಾವತ್ತೂ ನಂಬಬೇಡಿ. ಎರಡನೇ ಸಲದಿಂದ ನೀರಿನ ಜೊತೆ ಒಂದು ಹೋಳನ್ನೂ ಬಟ್ಟಲಿಗೆ ಹಾಕಿ, ಹಿಚುಕಿ, ಎರಡನ್ನೂ ಕೂಡಿಸಿ ರುಚಿ ನೋಡಿ.

ಎರಡು ಬಟ್ಟಲು

ಇಡೀ ಎರಡು ವಾರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದು. ಇದೊಂದನ್ನೇ ಕಲಿತರೂ ನಷ್ಟವಿಲ್ಲ.

ಸಾಮಾನ್ಯವಾಗಿ ನಾವು ಮಾಡುವುದೇನು? ರುಚಿ ನೋಡುತ್ತೇವೆ, "ಇನ್ನೂ ಬೇಕೇನೋ" ಎನ್ನಿಸಿ ಒಂದು ಚಿಟಿಕೆ ಹಾಕುತ್ತೇವೆ, ಮತ್ತೆ ರುಚಿ ನೋಡುತ್ತೇವೆ. ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೊಂದು ಚಿಟಿಕೆ. ಇದರಲ್ಲಿ ಎರಡು ತೊಂದರೆ ಇವೆ. ಮೊದಲನೆಯದು, ಹುಡುಗಿಯ ಒಂದು ಚಿಟಿಕೆ 0.9 ಗ್ರಾಂ. ಎರಡು ಕಿಲೋ ಪಾತ್ರೆಯಲ್ಲಿ ಆಗಲೇ 12 ಗ್ರಾಂ ಇದ್ದರೆ ಈ ಚಿಟಿಕೆ ಹೆಚ್ಚಿಸುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ; ಅಷ್ಟು ಸಣ್ಣ ಬದಲಾವಣೆ ನಾಲಿಗೆಗೆ ಸಿಗುವುದು ಕಷ್ಟ. ಎರಡನೆಯದು, ಹಿಂದಿನ ರುಚಿ ನೆನಪಿನಲ್ಲಿ ಮಾತ್ರ ಇದೆ, ಹೋಲಿಸಲು ಎದುರಿಗಿಲ್ಲ. ಲೋಟದ ಪಾಠ ನೆನಪಿದೆಯಲ್ಲ?

ತಂಗಿ ಮಾಡಿಸಿದ್ದು ಹೀಗೆ. ಪಾತ್ರೆಯಿಂದ ಎರಡು ಸಣ್ಣ ಬಟ್ಟಲಿಗೆ ಎರಡೆರಡು ದೊಡ್ಡ ಚಮಚ ಸುರಿದಳು. ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದಕ್ಕೆ ಬೆರಳ ತುದಿಯಲ್ಲಿ ಹಿಡಿದ ಕೆಲವೇ ಕಾಳು ಉಪ್ಪು ಉದುರಿಸಿ ಕಲಸಿದಳು. "ಮೊದಲು ಇದು, ಬಾಯಿ ಮುಕ್ಕಳಿಸು, ಆಮೇಲೆ ಅದು. ಯಾವುದರಲ್ಲಿ ಉಪ್ಪು ಜಾಸ್ತಿ ಎಂದು ನಾನು ಕೇಳುವುದಿಲ್ಲ. ಇನ್ನೊಂದು ಚಮಚ ಯಾವುದರಿಂದ ಬೇಕು, ಅದನ್ನು ಹೇಳು."

ಹುಡುಗಿ ಎರಡನೆಯದನ್ನು ತೋರಿಸಿದಳು. ಏಕೆ ಎಂದರೆ, "ಇದರಲ್ಲಿ ಕ್ಯಾರೆಟ್ ಸಿಹಿಯಾಗಿದೆ" ಎಂದಳು.

ತಂಗಿ ನನ್ನ ಕಡೆ ನೋಡಿ ನಕ್ಕಳು. ಉಪ್ಪು ಹದಕ್ಕೆ ಬರುತ್ತಿರುವುದರ ಗುರುತು ಉಪ್ಪಲ್ಲ, ಉಳಿದವುಗಳು ಎದ್ದು ಬರುವುದು. ಉಪ್ಪು ಕಹಿಯನ್ನು ಅಡಗಿಸುತ್ತದೆ. ಕಹಿ ತಗ್ಗಿದಾಗ ತರಕಾರಿಯ ಸಿಹಿ, ಬೇಳೆಯ ಪರಿಮಳ ಮೇಲೆ ಬರುತ್ತವೆ. ಉಪ್ಪು ಕಡಿಮೆ ಇದ್ದರೆ ರುಚಿ ಬಾಯಿಗೆ ಬಂದು ತಕ್ಷಣ ಮಾಯವಾಗುತ್ತದೆ, ನುಂಗಿದ ಮೇಲೆ ಏನೂ ಉಳಿಯುವುದಿಲ್ಲ. ಹದವಿದ್ದರೆ ನುಂಗಿದ ಮೇಲೂ ಬೇಳೆಯ ರುಚಿ ಒಂದು ಕ್ಷಣ ನಿಲ್ಲುತ್ತದೆ. ಹೆಚ್ಚಾಗಿದ್ದರೆ ಮೊದಲು ತಾಗುವುದೂ ಉಪ್ಪೇ, ಕೊನೆಗೆ ಗಂಟಲಿನಲ್ಲಿ ಉಳಿಯುವುದೂ ಉಪ್ಪೇ, ಕೈ ತಾನಾಗಿ ನೀರಿನ ಲೋಟದ ಕಡೆ ಹೋಗುತ್ತದೆ. "ಉಪ್ಪು ಸರಿಯಿದೆಯಾ?" ಎಂಬ ಪ್ರಶ್ನೆಗೆ ಮಗು ಉತ್ತರ ಹೇಳಲಾರದು. "ನುಂಗಿದ ಮೇಲೆ ಏನು ಉಳಿಯಿತು?" ಎಂದರೆ ಹೇಳುತ್ತದೆ.

ಎರಡನೇ ಬಟ್ಟಲು ಗೆದ್ದದ್ದರಿಂದ ಪಾತ್ರೆಗೆ 4 ಗ್ರಾಂ ಹಾಕಿದರು. ಚಿಟಿಕೆಯಲ್ಲ, ನಾಲಿಗೆಗೆ ಗೊತ್ತಾಗುವಷ್ಟು. ತಿರುವಿ ಐದು ನಿಮಿಷ ಬಿಟ್ಟು ಮತ್ತೆ ಎರಡು ಬಟ್ಟಲು. ಈಗಲೂ ಕಾಳು ಉದುರಿಸಿದ ಬಟ್ಟಲೇ ಗೆದ್ದಿತು, ಆದರೆ ಈ ಸಲ ಹುಡುಗಿ ಎರಡು ಸಲ ಯೋಚಿಸಿದಳು. 3 ಗ್ರಾಂ ಹಾಕಿದರು. ಮೂರನೇ ಸಲ ಉಪ್ಪು ಉದುರಿಸಿದ ಬಟ್ಟಲು ಬಾಯಿಗಿಟ್ಟ ಕೂಡಲೇ "ಬೇಡ, ಇದರಲ್ಲಿ ಉಪ್ಪೇ ಕಾಣಿಸುತ್ತದೆ" ಎಂದಳು. ಅಲ್ಲಿಗೆ ನಿಲ್ಲಿಸಿದರು. ಸೋತ ಬಟ್ಟಲಿನಿಂದ ಪಾತ್ರೆಗೆ ಏನೂ ಆಗುವುದಿಲ್ಲ, ಕೆಟ್ಟದ್ದು ಎರಡು ಚಮಚ ಮಾತ್ರ.

ಉಪ್ಪಿನ ಬಟ್ಟಲು ತೂಗಿದಾಗ 5 ಗ್ರಾಂ ಉಳಿದಿತ್ತು, ಹೋದದ್ದು 15. ಖಾಲಿ ಪಾತ್ರೆಯ 900 ಗ್ರಾಂ ಕಳೆದು ಅಡುಗೆಯ ತೂಕ ಎರಡು ಕಿಲೋ ಬಂತು. ಅಂದರೆ ಶೇ 0.75. ಹುಡುಗಿ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಇಂಥ ಏಳೆಂಟು ಸಾಲು ಬರೆದ ಮೇಲೆ ಅವಳ ಕೈ ಅರ್ಧ ಉಪ್ಪಿನ ಜಾಗಕ್ಕೆ ತಾನಾಗಿ ಹೋಗಿ ನಿಲ್ಲತೊಡಗಿತು, ನನ್ನ ಕೈಯ ಹಾಗೆ.

ಕೊರತೆ ಉಪ್ಪಿನದಲ್ಲದಿದ್ದಾಗ

ಒಂದು ದಿನ ಉಪ್ಪು ಉದುರಿಸಿದ ಬಟ್ಟಲೂ ಸೋತಿತು, ಉದುರಿಸದ್ದೂ ಸಪ್ಪೆಯೆನಿಸಿತು. ಎರಡರ ನಡುವೆ ಸಿಕ್ಕಿಕೊಂಡ ಹುಡುಗಿಗೆ ತಂಗಿ ಮೂರನೇ ಬಟ್ಟಲು ಕೊಟ್ಟು, ಅದಕ್ಕೆ ಉಪ್ಪಿನ ಬದಲು ಎರಡು ಹನಿ ನಿಂಬೆರಸ ಹಾಕಿಸಿದಳು. ರುಚಿ ತಟ್ಟನೆ ಬಿಚ್ಚಿಕೊಂಡಿತು. ಹುಳಿಯ ಕೊರತೆಯನ್ನು ನಾವು ಬಹಳ ಸಲ ಉಪ್ಪಿನ ಕೊರತೆ ಎಂದು ತಿಳಿದು ಉಪ್ಪು ಸುರಿಯುತ್ತೇವೆ. ಉಪ್ಪು ಉದುರಿಸಿದ ಬಟ್ಟಲು ಗೆಲ್ಲದಿದ್ದರೆ ಉಪ್ಪಿನ ಬಟ್ಟಲನ್ನು ದೂರ ಇಟ್ಟು ಹುಳಿ ನೋಡಿ.

ಖಾರ ಹೆಚ್ಚಿದ್ದಾಗ ಬಾಯಿಯ ಉರಿ ಕಳೆಯುವವರೆಗೆ ತೀರ್ಮಾನ ಬೇಡ. ಸಕ್ಕರೆ ಹಾಕಿದ ಅಡುಗೆಯಲ್ಲಿ ಉಪ್ಪು ಮರೆಯಾಗುತ್ತದೆ. ಸಾಸ್, ಚೀಸ್, ಉಪ್ಪಿನಲ್ಲಿ ನೆನೆಸಿದ ತರಕಾರಿ ಇಂಥವು ಪಾತ್ರೆಗೆ ಬೀಳುವುದಿದ್ದರೆ ಅವು ಬಿದ್ದು ಬೆರೆತ ಮೇಲೆಯೇ ಉಪ್ಪಿಗೆ ಕೈ ಹಾಕಬೇಕು.

ದಾರದ ಉಪಯೋಗ, ಮತ್ತು ಆಲೂಗಡ್ಡೆಯ ಕಥೆ

ಒಂಬತ್ತನೇ ದಿನ ಹುಡುಗಿ ಒಬ್ಬಳೇ ಬೇಯಿಸಿದಳು. ಉಪ್ಪು ಹದಕ್ಕೆ ತಂದು, ಸಣ್ಣ ಉರಿಯಲ್ಲಿ ಮುಚ್ಚಳ ತೆಗೆದಿಟ್ಟು ಓದಲು ಹೋದವಳು ಪಾತ್ರೆಯನ್ನು ಮರೆತಳು. ಬಂದು ರುಚಿ ನೋಡಿದರೆ ಉಪ್ಪೋ ಉಪ್ಪು. ಕಣ್ಣಲ್ಲಿ ನೀರು.

ತಂಗಿ ಮರದ ಸೌಟನ್ನು ಪಾತ್ರೆಯಲ್ಲಿ ನಿಲ್ಲಿಸಿದಳು. ಉಪ್ಪು ಹದವಾದಾಗ ಹುಡುಗಿ ಮಟ್ಟಕ್ಕೆ ಸರಿಯಾಗಿ ದಾರ ಸರಿಸಿದ್ದಳು. ಈಗ ಅಡುಗೆ ಅದಕ್ಕಿಂತ ಎರಡು ಬೆರಳು ಕೆಳಗಿತ್ತು. "ನೀನು ಉಪ್ಪು ಹೆಚ್ಚು ಹಾಕಿಲ್ಲ, ನೀರು ಕಳೆದಿದ್ದೀಯ. ಕಳೆದದ್ದನ್ನು ವಾಪಸ್ ಹಾಕು." ದಾರದವರೆಗೆ ಬಿಸಿನೀರು ಸುರಿದು ಒಂದು ಕುದಿ ಬರಿಸಿದಾಗ ಉಪ್ಪು ಇದ್ದಲ್ಲಿಗೇ ಬಂತು. 15 ಗ್ರಾಂ ಉಪ್ಪಿನ ಎರಡು ಕಿಲೋ ಅಡುಗೆ ಬತ್ತಿ ಒಂದೂವರೆ ಕಿಲೋ ಆದರೆ ಶೇ 0.75 ಇದ್ದದ್ದು ಶೇ 1 ಆಗುತ್ತದೆ. ಅರ್ಧ ಲೀಟರ್ ನೀರು ಅದನ್ನು ಮತ್ತೆ 0.75ಕ್ಕೆ ತರುತ್ತದೆ. ಬತ್ತಿದ ಪಾತ್ರೆಗೆ ಇದಕ್ಕಿಂತ ಸುಲಭದ ಮದ್ದಿಲ್ಲ.

ನಿಜವಾಗಿ ಕೈ ಮೀರಿದ್ದರೆ ಕಥೆ ಬೇರೆ. ಅದೂ ಆಯಿತು, ಅದು ನನ್ನಿಂದ. ಹುಡುಗಿ ಉಪ್ಪು ಮುಗಿಸಿದ್ದು ತಿಳಿಯದೆ ನಾನು ಡಬ್ಬಿಯಿಂದ ಒಂದೂವರೆ ಚಮಚ ಹಾಕಿದೆ. ಎರಡು ಕಿಲೋದಲ್ಲಿ ಈಗ 24 ಗ್ರಾಂ, ಶೇ 1.2. ಒಂದು ಹಸಿ ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದೆ ಎಂದೆ. ತಂಗಿ ಜಗಳಕ್ಕೆ ಬರಲಿಲ್ಲ. ಎರಡು ಸೌಟನ್ನು ಬೇರೆ ಪಾತ್ರೆಗೆ ಹಾಕಿ ಆಲೂಗಡ್ಡೆ ಸೇರಿಸಿ ಮುಚ್ಚಿ ಬೇಯಿಸಿ, ಎರಡು ಬಟ್ಟಲು ನನ್ನ ಮುಂದಿಟ್ಟಳು. ವ್ಯತ್ಯಾಸ ಇರಲಿಲ್ಲ. ಆಲೂಗಡ್ಡೆ ಉಪ್ಪನ್ನು ಮಾತ್ರ ಆರಿಸಿ ಕುಡಿಯುವುದಿಲ್ಲ. ಉಪ್ಪುನೀರಿನ ಒಂದಿಷ್ಟು ಪಾಲನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಹೊರಗಿನದು ಹೆಚ್ಚುಕಡಿಮೆ ಅಷ್ಟೇ ಉಪ್ಪಾಗಿ ಉಳಿಯುತ್ತದೆ. ಉಪ್ಪಿಲ್ಲದ ಆಲೂಗಡ್ಡೆಯನ್ನು ಪಾತ್ರೆಗೇ ಸೇರಿಸಿ ತಿಂದರೆ ಉಪ್ಪು ಹಂಚಿಹೋಗುತ್ತದೆ ನಿಜ, ಆದರೆ ಅದಕ್ಕೆ ಒಂದೆರಡಲ್ಲ, ತುಂಬ ಬೇಕು.

ಲೆಕ್ಕ ನೇರವಾಗಿದೆ. 24 ಗ್ರಾಮನ್ನು ಶೇ 0.8ಕ್ಕೆ ತರಲು ಅಡುಗೆ ಮೂರು ಕಿಲೋ ಆಗಬೇಕು, ಅಂದರೆ ಉಪ್ಪಿಲ್ಲದೆ ಬೇಯಿಸಿದ್ದು ಇನ್ನೊಂದು ಕಿಲೋ. ಅಷ್ಟು ತಿನ್ನುವವರು ಮನೆಯಲ್ಲಿ ಇಲ್ಲದಿದ್ದರೆ ಅರ್ಧ ಕಿಲೋ ತೆಗೆದು ಬೇರೆ ಇಟ್ಟು, ಅಷ್ಟೇ ತೂಕದ ಉಪ್ಪಿಲ್ಲದ ಬೇಳೆ ಬೇಯಿಸಿದ್ದನ್ನು ಸೇರಿಸಿ. ತೆಗೆದದ್ದರ ಜೊತೆ 6 ಗ್ರಾಂ ಹೋಯಿತು, ಉಳಿದದ್ದು 18, ಎರಡು ಕಿಲೋಗೆ ಶೇ 0.9. ತಿನ್ನಬಹುದು. ತೆಗೆದಿಟ್ಟ ಅರ್ಧ ಕಿಲೋ ಫ್ರಿಜ್‌ನಲ್ಲಿದ್ದರೆ ನಾಳೆಯ ಪಾತ್ರೆಗೆ ಉಪ್ಪಿನ ಬದಲು ಅದೇ.

ನಂಬಬಾರದ ನಾಲಿಗೆಗಳು

ಮೂಗು ಕಟ್ಟಿದವರಿಗೆ ಉಪ್ಪು ತಿಳಿಯುತ್ತದೆ, ಪರಿಮಳ ತಿಳಿಯುವುದಿಲ್ಲ. ಎಲ್ಲ ಸಪ್ಪೆಯೆನಿಸಿ ಉಪ್ಪಿಗೆ ಕೈ ಹಾಕುತ್ತಾರೆ. ಆ ದಿನ ತೂಕದ ಲೆಕ್ಕದಿಂದ ಮಾಡಿ ಬೇರೆಯವರಿಂದ ರುಚಿ ನೋಡಿಸಿ. ವಯಸ್ಸಾದಂತೆ ಉಪ್ಪಿನ ರುಚಿ ಮಂಕಾಗುತ್ತದೆ. ನನ್ನ ಅಡುಗೆ ಇತ್ತೀಚೆಗೆ ಉಪ್ಪು ಎಂದು ಮಗಳು ಹೇಳಿದ್ದನ್ನು ನಾನು ಒಪ್ಪದೆ ಹೋದದ್ದು ಎಷ್ಟು ಸಲವೋ. ಆಗಷ್ಟೇ ಉಪ್ಪಿನ ತಿಂಡಿ ತಿಂದ ಬಾಯಿಯೂ ಸಾಕ್ಷಿಯಾಗಲಾರದು.

ಅಡುಗೆಯನ್ನು ಯಾವುದರ ಜೊತೆ ತಿನ್ನುತ್ತೀರೋ ಅದರ ಜೊತೆಗೇ ಕೊನೆಯ ರುಚಿ ನೋಡಬೇಕು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಉಪ್ಪಿಲ್ಲದ ಅನ್ನಕ್ಕೆ ಕಲಸುವುದಾದರೆ ಬಟ್ಟಲಿನಲ್ಲಿ ಸ್ವಲ್ಪ ಮುಂದಿರುವ ಉಪ್ಪು ತಟ್ಟೆಯಲ್ಲಿ ಸರಿಯಾಗುತ್ತದೆ. ಹಾಗೇ ಕುಡಿಯುವುದಾದರೆ ಅದೇ ಉಪ್ಪು ಹೆಚ್ಚು.

ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದವರಿದ್ದರೆ ನಾಲಿಗೆಯ ಮಾತು ಕೇಳಬೇಡಿ, ತೂಕದ ಮಾತು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಹುಡುಗಿಯ ಹದದ ಅಡುಗೆಯ 300 ಗ್ರಾಮಿನ ಒಂದು ಬಟ್ಟಲಲ್ಲೇ ಎರಡು ಗ್ರಾಮಿಗಿಂತ ಹೆಚ್ಚು ಇರುತ್ತದೆ. ಕೆಲವು ವಾರ ಕಡಿಮೆ ಉಪ್ಪು ತಿಂದ ನಾಲಿಗೆ ತನ್ನ ಹದವನ್ನು ಕೆಳಗಿಳಿಸಿಕೊಳ್ಳುತ್ತದೆ, ಅಲ್ಲಿಯವರೆಗೆ ಸಪ್ಪೆ ಎನ್ನುತ್ತಲೇ ಇರುತ್ತದೆ.

ತಂಗಿ ಹೋದ ಮರುದಿನ ಹುಡುಗಿ ಫ್ರಿಜ್‌ನಿಂದ ಹಿಂದಿನ ರಾತ್ರಿಯ ಪಾತ್ರೆ ತೆಗೆದಳು. ಬೇಳೆ ನೀರನ್ನೆಲ್ಲ ಕುಡಿದು ಮುದ್ದೆಯಾಗಿತ್ತು. ಒಂದು ಚಮಚ ತಣ್ಣಗೇ ಬಾಯಿಗಿಟ್ಟುಕೊಂಡು, ಮುಖ ಸಿಂಡರಿಸಿ, ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಈ ಕಡೆಯದು ಕೇಳಿಸಿತು: "ಇಲ್ಲ ಚಿಕ್ಕಮ್ಮ, ಇನ್ನೂ ಬಿಸಿ ಮಾಡಿಲ್ಲ... ಹೂಂ, ನೀರೂ ಹಾಕಿಲ್ಲ... ಸರಿ, ಆಮೇಲೆ ನೋಡುತ್ತೇನೆ." ಫೋನ್ ಇಟ್ಟು ಪಾತ್ರೆಯನ್ನು ಒಲೆಗೆ ಏರಿಸಿ, ಸೌಟಿನ ದಾರ ಹುಡುಕಿದಳು.